ಯುಎ ಪಕ್ಕದ ಅಂಕಿ, ಪಾಲಕರಿಗೆ ಬಿಟ್ಟ ಕೆಲಸ



ಸಿನಿಮಾದ ಬಗ್ಗೆ ತಂದೆತಾಯಂದಿರಿಗೆ ಉಪಯೋಗವಾಗುವಂಥ ಏನನ್ನಾದರೂ ಮಾತಾಡಿ ಎಂದು ಸಂಘಟಕರು ಕೇಳಿದರು. ನಾನು ಆರಿಸಿಕೊಂಡದ್ದು ನೋಡಲು ತೀರ ಸಣ್ಣ ವಸ್ತು. ಟಿಕೆಟ್ ಕಾಯ್ದಿರಿಸುವಾಗ ಚಿತ್ರದ ಹೆಸರಿನ ಕೆಳಗೆ, ಪೋಸ್ಟರಿನ ಮೂಲೆಯಲ್ಲಿ, ಚಿತ್ರ ಶುರುವಾಗುವ ಮುಂಚೆ ಪರದೆಯ ಮೇಲೆ ಕೆಲವು ಕ್ಷಣ ಕಾಣುವ ಗುರುತು: ಯು, ಯುಎ 7+, ಯುಎ 13+, ಯುಎ 16+, ಎ. ಇದನ್ನು ನಾವೆಲ್ಲ ನೋಡಿದ್ದೇವೆ. ನೋಡಿಯೂ ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗಿದ್ದೇವೆ. ಆ ಗುರುತು ಹೇಗೆ ಹುಟ್ಟುತ್ತದೆ, ಅದು ಯಾರಿಗೆ ಏನು ಹೇಳುತ್ತದೆ, ಯಾವುದರ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದನ್ನು ಇವತ್ತು ನಿಧಾನವಾಗಿ ನೋಡೋಣ.

ಮೊದಲು ಕಾನೂನು. ನಮ್ಮಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಬರುವ ಪ್ರತಿ ಚಿತ್ರಕ್ಕೂ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಪ್ರಮಾಣಪತ್ರ ಬೇಕು. ಕೊಡುವುದು ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ, ಜನರ ಬಾಯಲ್ಲಿ ಇವತ್ತಿಗೂ ಸೆನ್ಸಾರ್ ಬೋರ್ಡ್. ಬಹಳ ಕಾಲ ಇದ್ದದ್ದು ಎರಡೇ ದರ್ಜೆ: ಎಲ್ಲರಿಗೂ ಯು, ವಯಸ್ಕರಿಗೆ ಎ. ಇವೆರಡರ ನಡುವೆ ಯುಎ ಬಂದದ್ದು 1983ರಲ್ಲಿ. ಅದರ ಜೊತೆಗೇ ವೈದ್ಯರಂಥ ನಿರ್ದಿಷ್ಟ ವರ್ಗದವರಿಗಾಗಿ ಎಸ್ ಎಂಬ ದರ್ಜೆಯೂ ಬಂತು. ಅದು ನಮ್ಮ ಚರ್ಚೆಗೆ ಬೇಡ. ಅಂದಿನ ಯುಎಯ ಅರ್ಥ, ಹನ್ನೆರಡು ವರ್ಷದೊಳಗಿನ ಮಗುವಿಗೆ ಈ ಚಿತ್ರ ತೋರಿಸಬೇಕೇ ಎಂದು ಪಾಲಕರು ಯೋಚಿಸಬೇಕು ಎಂದು. ನಲವತ್ತು ವರ್ಷ ಅದೇ ನಡೆಯಿತು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, 2024ರ ಮಾರ್ಚ್‌ನಲ್ಲಿ ಹೊಸ ನಿಯಮಗಳು ಬಂದವು, ಯುಎ ಮೂರಾಗಿ ಒಡೆಯಿತು: ಏಳು, ಹದಿಮೂರು, ಹದಿನಾರು. ಈಗ ಹಳೆಯ ಚಿತ್ರಗಳ ಮರುಬಿಡುಗಡೆ ಹೆಚ್ಚಾಗಿದೆ. ಅವುಗಳ ಮೇಲೆ ಬರಿ ಯುಎ ಎಂದಷ್ಟೇ ಇದ್ದರೆ ಅದನ್ನು ಹನ್ನೆರಡು ಎಂದೇ ಓದಿಕೊಳ್ಳಬೇಕು.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಬಹಳ ಜನ ಅದನ್ನು ತಿರುವುಮುರುವಾಗಿ ತಿಳಿದಿದ್ದಾರೆ. ಎ ಎಂಬುದು ತಡೆ. ಹದಿನೆಂಟು ತುಂಬದವರನ್ನು ಚಿತ್ರಮಂದಿರದವರು ಒಳಗೆ ಬಿಡುವಂತಿಲ್ಲ. ಬಿಟ್ಟರೆ ಅದು ಶಿಕ್ಷಾರ್ಹ ಅಪರಾಧ. ಅಪ್ಪ ಅಮ್ಮ ಜೊತೆಯಲ್ಲೇ ನಿಂತು ‘ನಮ್ಮ ಒಪ್ಪಿಗೆ ಇದೆ’ ಎಂದರೂ ಅದು ನಡೆಯುವುದಿಲ್ಲ. ಯುಎ 16+ ತಡೆಯಲ್ಲ. ಕಾನೂನಿನ ಕಣ್ಣಿನಲ್ಲಿ ಯುಎ ಚಿತ್ರ ನಿರ್ಬಂಧವಿಲ್ಲದ ಸಾರ್ವಜನಿಕ ಪ್ರದರ್ಶನಕ್ಕೆ ಒಪ್ಪಿಗೆ ಪಡೆದ ಚಿತ್ರವೇ. ಪಕ್ಕದ ಅಂಕಿ ಪಾಲಕರ ತಿಳಿವಳಿಕೆಗಾಗಿ ಇದೆ, ಪಾಲಕರಲ್ಲದೆ ಬೇರೆ ಯಾರೂ ಅದನ್ನು ಜಾರಿ ಮಾಡುವಂತಿಲ್ಲ ಎಂದು 2023ರ ತಿದ್ದುಪಡಿಯೇ ಹೇಳುತ್ತದೆ. ಬಾಗಿಲಲ್ಲಿ ಟಿಕೆಟ್ ಹರಿಯುವ ಹುಡುಗ ನಿಮ್ಮ ಆರು ವರ್ಷದ ಮಗಳನ್ನು ಯುಎ 16+ ಚಿತ್ರಕ್ಕೆ ಬಿಟ್ಟರೆ ಅವನು ಕರ್ತವ್ಯ ಮರೆತಿಲ್ಲ. ಕಾನೂನು ಆ ನಿರ್ಧಾರವನ್ನು ಅವನ ಕೈಗೆ ಕೊಟ್ಟೇ ಇಲ್ಲ. ‘ಒಳಗೆ ಬಿಟ್ಟರಲ್ಲ, ಅಂದಮೇಲೆ ಪರವಾಗಿಲ್ಲ’ ಎಂಬ ಲೆಕ್ಕಾಚಾರ ಎಲ್ಲಿ ತಪ್ಪುತ್ತದೆಂದರೆ ಇಲ್ಲಿಯೇ. ರಾಜ್ಯ ತನ್ನ ಪ್ರಶ್ನೆಯನ್ನು ನಿಮ್ಮ ಮುಂದಿಟ್ಟು ಹಿಂದೆ ಸರಿದಿದೆ. ಉತ್ತರ ಕೊಡಬೇಕಾದವರು ನೀವು.

ಹಾಗಾದರೆ ಆ ಪ್ರಶ್ನೆ ಎಲ್ಲಿ ತಯಾರಾಗುತ್ತದೆ? ಮಂಡಳಿಯ ಮುಖ್ಯ ಕಚೇರಿ ಮುಂಬೈಯಲ್ಲಿದೆ. ಒಂಬತ್ತು ಪ್ರಾದೇಶಿಕ ಕಚೇರಿಗಳಲ್ಲಿ ಒಂದು ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ನಿರ್ಮಾಪಕರು ಚಿತ್ರ ಸಲ್ಲಿಸಿದ ಮೇಲೆ ಪರಿಶೀಲನಾ ಸಮಿತಿ ಕೂತು ನೋಡುತ್ತದೆ. ಕಥಾಚಿತ್ರವಾದರೆ ಮಂಡಳಿಯ ಒಬ್ಬ ಅಧಿಕಾರಿ, ಸಲಹಾ ಸಮಿತಿಯಿಂದ ಬಂದ ನಾಲ್ವರು. ಇವರಲ್ಲಿ ಮಹಿಳೆಯರು ಇರಲೇಬೇಕು. ಇವರು ಶಿಕ್ಷಕರು, ವಕೀಲರು, ಪತ್ರಕರ್ತರು, ಸಮಾಜದಲ್ಲಿ ಕೆಲಸ ಮಾಡುವವರು, ಅಂದರೆ ನಮ್ಮ ನಿಮ್ಮಂಥವರು. ಚಿತ್ರ ಮುಗಿದ ಕೂಡಲೇ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಬರೆದು ಕೊಡುತ್ತಾರೆ: ಯಾವ ದರ್ಜೆ, ಯಾವ ದೃಶ್ಯ ತೆಗೆಯಬೇಕು, ಯಾವ ಮಾತು ಮ್ಯೂಟ್ ಮಾಡಬೇಕು, ಯಾಕೆ. ಅವರ ಕೈಯಲ್ಲಿರುವುದು 1991ರ ಮಾರ್ಗಸೂಚಿ. ಚಿತ್ರವನ್ನು ಇಡಿಯಾಗಿ, ಒಟ್ಟು ಪರಿಣಾಮದ ದೃಷ್ಟಿಯಿಂದ ನೋಡಬೇಕು ಎಂದು ಅದು ಹೇಳುತ್ತದೆ. ಯು ಕೊಡುವಾಗ ಮಕ್ಕಳೂ ಸೇರಿ ಇಡೀ ಕುಟುಂಬ ಒಟ್ಟಿಗೆ ಕೂತು ನೋಡುವಂತಿರಬೇಕು ಎಂದೂ ಹೇಳುತ್ತದೆ. ನಿರ್ಮಾಪಕರಿಗೆ ತೀರ್ಮಾನ ಒಪ್ಪಿಗೆಯಾಗದಿದ್ದರೆ ಬೇರೆ ಸದಸ್ಯರಿರುವ ರಿವೈಸಿಂಗ್ ಕಮಿಟಿಗೆ ಹೋಗಬಹುದು. ಅಲ್ಲೂ ಆಗದಿದ್ದರೆ ಮೊದಲು ಒಂದು ಮೇಲ್ಮನವಿ ನ್ಯಾಯಮಂಡಳಿ ಇತ್ತು. 2021ರಲ್ಲಿ ಅದನ್ನು ರದ್ದು ಮಾಡಿದ್ದರಿಂದ ಈಗ ನೇರ ಹೈಕೋರ್ಟ್.

ಇದು ಕಾಗದದ ಮೇಲಿನ ಕ್ರಮ. ವಾಸ್ತವದಲ್ಲಿ ಇದರ ನಡುವೆ ಒಂದು ಚೌಕಾಸಿ ನಡೆಯುತ್ತದೆ, ಅದನ್ನು ಪಾಲಕರು ತಿಳಿದಿರಬೇಕು. ಎ ಸಿಕ್ಕರೆ ನಿರ್ಮಾಪಕರಿಗೆ ಎರಡು ಕಡೆ ನಷ್ಟ. ಕುಟುಂಬ ಪ್ರೇಕ್ಷಕರು ತಪ್ಪುತ್ತಾರೆ. ಟಿವಿಯಲ್ಲಿ ಎ ಚಿತ್ರ ಹಾಗೇ ಪ್ರಸಾರ ಮಾಡುವಂತಿಲ್ಲವಾದ್ದರಿಂದ ಟಿವಿ ಹಕ್ಕಿನ ಬೆಲೆಯೂ ಇಳಿಯುತ್ತದೆ. ಹೀಗಾಗಿ ಎಷ್ಟು ಕತ್ತರಿಸಿದರೆ ಯುಎ ಕೊಡುತ್ತೀರಿ ಎಂಬ ಮಾತುಕತೆ ಶುರುವಾಗುತ್ತದೆ. ರಕ್ತ ಚಿಮ್ಮುವ ಹೊಡೆತ ಅರ್ಧಕ್ಕೆ ಇಳಿಸಿ, ತುಂಡಾದ ಕೈಯ ಸಮೀಪದೃಶ್ಯ ತೆಗೆಯಿರಿ, ಈ ಬೈಗುಳ ಮ್ಯೂಟ್ ಮಾಡಿ. ಇವೆಲ್ಲ ಪ್ರಮಾಣಪತ್ರದ ಎರಡನೆಯ ಭಾಗದಲ್ಲಿ ದಾಖಲಾಗುತ್ತವೆ.

ಇದಕ್ಕೆ 2025ರ ‘ಕೂಲಿ’ ಚಿತ್ರ ಒಳ್ಳೆಯ ಉದಾಹರಣೆ. ಲೋಕೇಶ್ ಕನಕರಾಜ್ ನಿರ್ದೇಶನದ ತಮಿಳು ಚಿತ್ರ, ರಜನೀಕಾಂತ್ ನಾಯಕ. ನಮ್ಮ ಉಪೇಂದ್ರ, ರಚಿತಾ ರಾಮ್ ಕೂಡ ಇದ್ದಾರೆ. ಹೀಗಾಗಿ ಬೆಂಗಳೂರಿನಲ್ಲಿ ಮಕ್ಕಳ ಸಮೇತ ಹೋಗಲು ಹೊರಟ ಕುಟುಂಬಗಳು ಕಡಿಮೆ ಇರಲಿಲ್ಲ. ಆದರೆ ಅದಕ್ಕೆ ಸಿಕ್ಕಿದ್ದು ಎ. ಆಗಸ್ಟ್ 14ರಂದು ಬಿಡುಗಡೆಯಾಯಿತು. ರಜನಿ ಚಿತ್ರ ಎಂದರೆ ಮನೆಮಂದಿಯೆಲ್ಲ ಹೋಗುವ ಚಿತ್ರ ಎಂದೇ ತಿಳಿದಿದ್ದವರನ್ನು ಮಲ್ಟಿಪ್ಲೆಕ್ಸ್‌ಗಳು ಮಕ್ಕಳಿದ್ದ ಕಾರಣಕ್ಕೆ ವಾಪಸ್ ಕಳಿಸಿದವು. ನಿರ್ಮಾಣ ಸಂಸ್ಥೆ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಇಷ್ಟೇ ಅಥವಾ ಇದಕ್ಕಿಂತ ಹೆಚ್ಚು ಹಿಂಸೆ ಇದ್ದ ಬೇರೆ ಚಿತ್ರಗಳಿಗೆ ಯುಎ ಕೊಟ್ಟಿದ್ದೀರಿ, ನಮಗೂ ಕೊಡಿ ಎಂಬುದು ಅವರ ವಾದ; ಅವರು ಹೆಸರಿಸಿದ ಚಿತ್ರಗಳಲ್ಲಿ ‘ಕೆಜಿಎಫ್’ ಕೂಡ ಒಂದು. ಮಂಡಳಿಯ ಉತ್ತರ: ಎರಡೂ ಸಮಿತಿಗಳು ನೋಡಿ ಎ ಎಂದೇ ಹೇಳಿವೆ, ಕೆಲವು ಭಾಗ ತೆಗೆದರೆ ಯುಎ ಕೊಡಬಹುದಿತ್ತು, ನಿರ್ಮಾಪಕರೇ ಅದು ಬೇಡವೆಂದು ಎ ಒಪ್ಪಿಕೊಂಡು ಬಿಡುಗಡೆ ಮಾಡಿದರು. ಆಗಸ್ಟ್ ಕೊನೆಯಲ್ಲಿ ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು.

ಈ ಪ್ರಕರಣದಿಂದ ಪಾಲಕರು ತಿಳಿಯಬೇಕಾದದ್ದು ಬಹಳ. ಒಂದೇ ಕಥೆ, ಅವೇ ಪಾತ್ರಗಳು, ಅದೇ ಹೊಡೆದಾಟ. ಕೆಲವು ತುಣುಕು ತೆಗೆದಿದ್ದರೆ ಅದು ಆರು ವರ್ಷದ ಮಗುವನ್ನೂ ಕಾನೂನುಬದ್ಧವಾಗಿ ಕೂರಿಸಬಹುದಾದ ಚಿತ್ರವಾಗುತ್ತಿತ್ತು. ಅಂದರೆ ಯುಎ 16+ ಎಂದು ಬಂದಿರುವ ಎಷ್ಟೋ ಆ್ಯಕ್ಷನ್ ಚಿತ್ರಗಳು ಎ ಗೆರೆಯ ಈಚೆಗೆ ಅಂಗುಲದಷ್ಟು ಜಾಗದಲ್ಲಿ ನಿಂತಿವೆ. ಹಿಂಸೆಯ ಸಮೀಪದೃಶ್ಯ ಹೋಗಿರುತ್ತದೆ, ಹಿಂಸೆ ಉಳಿದಿರುತ್ತದೆ. ಬೈಗುಳ ಮ್ಯೂಟ್ ಆಗಿರುತ್ತದೆ. ಬೈಯುವವನ ಮುಖ, ಅವನ ಎದುರು ಕುಗ್ಗಿದ ಹೆಣ್ಣಿನ ಮುಖ, ಎರಡೂ ಅಲ್ಲೇ ಇರುತ್ತವೆ. ಒಂದು ಚಿತ್ರಕ್ಕೆ ಏನೇನು ಕತ್ತರಿ ಬಿತ್ತು ಎಂಬ ಸುದ್ದಿ ಬಿಡುಗಡೆಗೆ ಎರಡು ಮೂರು ದಿನ ಮುಂಚೆ ಪತ್ರಿಕೆಗಳಲ್ಲಿ ಬರುವುದುಂಟು. ಅದನ್ನು ಸಿನಿಮಾ ಗಾಸಿಪ್ ಎಂದು ದಾಟಿಸಬೇಡಿ. ಗಂಟಲು ಸೀಳುವ ದೃಶ್ಯದ ಅವಧಿ ಇಳಿಸಿದ್ದಾರೆ ಎಂದರೆ ಗಂಟಲು ಸೀಳುವ ದೃಶ್ಯ ಚಿತ್ರದಲ್ಲಿದೆ ಎಂದು ಅರ್ಥ. ತೆಗೆದದ್ದು ಏನು ಎಂಬುದರಿಂದ ಉಳಿದದ್ದು ಎಂಥದು ಎಂದು ಊಹಿಸುವುದು ಪಾಲಕರಿಗೆ ಇರುವ ಅತ್ಯಂತ ಸುಲಭದ ದಾರಿ.

ಈಗ ಗುರುತು ಹೇಳದಿರುವ ಸಂಗತಿಗೆ ಬರೋಣ. ಇದಕ್ಕೆ 2022ರ ‘ಆರ್‌ಆರ್‌ಆರ್’ ತೆಗೆದುಕೊಳ್ಳುತ್ತೇನೆ; ಕನ್ನಡಕ್ಕೂ ಡಬ್ ಆಗಿ ಬಂದ ಚಿತ್ರ, ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ನೋಡಿದ್ದಾರೆ. ಭಾರತದಲ್ಲಿ ಅದಕ್ಕೆ ಸಿಕ್ಕಿದ್ದು ಯುಎ. ಬ್ರಿಟನ್ನಿನ ಚಲನಚಿತ್ರ ವರ್ಗೀಕರಣ ಮಂಡಳಿ ಕೊಟ್ಟದ್ದು 15. ಅಲ್ಲಿ 15 ಎಂದರೆ ಆ ವಯಸ್ಸು ತುಂಬದವರನ್ನು ತಂದೆಯ ಕೈ ಹಿಡಿದು ಬಂದರೂ ಒಳಗೆ ಬಿಡುವುದಿಲ್ಲ. ಒಂದೇ ಚಿತ್ರ: ಲಂಡನ್ನಿನ ಕನ್ನಡ ಕುಟುಂಬವೊಂದರ ಹತ್ತು ವರ್ಷದ ಹುಡುಗನಿಗೆ ಬಾಗಿಲು ಮುಚ್ಚಿದೆ, ಮೈಸೂರಿನಲ್ಲಿರುವ ಅವನ ಚಿಕ್ಕಪ್ಪನ ಮಗನಿಗೆ ತೆರೆದಿದೆ. ಎರಡು ಮಂಡಳಿಗಳಲ್ಲಿ ಯಾವುದು ಸರಿ ಎಂದು ಕೇಳುವುದಕ್ಕಿಂತ, ಚಿತ್ರದ ಮೊದಲ ಕೆಲವು ನಿಮಿಷಗಳನ್ನು ಮಗುವಿನ ಎತ್ತರದಲ್ಲಿ ಕೂತು ನೋಡುವುದು ಒಳ್ಳೆಯದು.

ಆದಿಲಾಬಾದ್ ಕಾಡಿನ ಗೊಂಡರ ಹಳ್ಳಿ. ಮಲ್ಲಿ ಎಂಬ ಪುಟ್ಟ ಹುಡುಗಿ ಗವರ್ನರನ ಹೆಂಡತಿಯ ಕೈಗೆ ಚಿತ್ತಾರ ಬಿಡಿಸುತ್ತ ಹಾಡುತ್ತಿದ್ದಾಳೆ. ಆಕೆಗೆ ಹುಡುಗಿ ಇಷ್ಟವಾಗುತ್ತಾಳೆ. ನಾಣ್ಯ ಎಸೆಯುತ್ತಾರೆ, ಹಾಡಿಗೆ ಸಿಕ್ಕ ಬಹುಮಾನ ಎಂದು ತಾಯಿ ತಿಳಿಯುತ್ತಾಳೆ. ಅದು ಮಗಳ ಬೆಲೆ. ಮಗುವನ್ನು ಕಾರಿನಲ್ಲಿ ಹಾಕಿಕೊಂಡು ಹೊರಡುತ್ತಾರೆ, ತಾಯಿ ಅರಚುತ್ತ ಹಿಂದೆ ಓಡುತ್ತಾಳೆ. ಸಿಪಾಯಿ ಗುಂಡು ಹೊಡೆಯಲು ಬಂದೂಕು ಎತ್ತಿದರೆ ಗವರ್ನರ್ ತಡೆಯುತ್ತಾನೆ, ಕರುಣೆಯಿಂದಲ್ಲ. ಈ ಜನರ ಮೇಲೆ ಗುಂಡು ದಂಡ ಮಾಡಬೇಡ ಎಂದು. ಆಮೇಲೆ ಮರದ ಕೊಂಬೆಯಿಂದ ತಲೆಗೆ ಪೆಟ್ಟು ಬೀಳುತ್ತದೆ, ತಾಯಿ ನೆಲಕ್ಕೆ ಉರುಳುತ್ತಾಳೆ.

ರಕ್ತದ ಲೆಕ್ಕದಲ್ಲಿ ನೋಡಿದರೆ ಈ ದೃಶ್ಯ ಸಣ್ಣದು. ಮುಂದೆ ನಾಯಕರಲ್ಲೊಬ್ಬನಾದ ಭೀಮನನ್ನು ಜನರ ಎದುರು ಮುಳ್ಳಿನ ಚಾಟಿಯಿಂದ ಹೊಡೆಯುವ ದೀರ್ಘ ದೃಶ್ಯವಿದೆ. ಸಮಿತಿಯವರ ಗಮನ ಸಹಜವಾಗಿ ಅಲ್ಲಿಗೆ ಹೋಗುತ್ತದೆ, ದೊಡ್ಡವರಾದ ನಾವೂ ಅದನ್ನೇ ನೆನಪಿಡುತ್ತೇವೆ. ಆದರೆ ಐದಾರು ವರ್ಷದ ಮಗುವಿಗೆ ಜಗತ್ತಿನಲ್ಲಿ ಅತಿ ದೊಡ್ಡ ಭಯ ತಾಯಿಯಿಂದ ಬೇರೆಯಾಗುವುದು. ತನ್ನಷ್ಟೇ ವಯಸ್ಸಿನ ಹುಡುಗಿಯನ್ನು, ಅವಳು ಏನೂ ತಪ್ಪು ಮಾಡದಿದ್ದರೂ, ಹಾಡು ಚೆನ್ನಾಗಿ ಹೇಳಿದ್ದಕ್ಕೇ ಎತ್ತಿಕೊಂಡು ಹೋಗುತ್ತಾರೆ; ಬಿಡಿಸಲು ಬಂದ ಅಮ್ಮ ಬೀಳುತ್ತಾಳೆ. ಇದು ಚಿತ್ರ ಶುರುವಾದ ಕೂಡಲೇ, ಮಗು ಕತ್ತಲಿಗೆ ಇನ್ನೂ ಹೊಂದಿಕೊಳ್ಳುವ ಮೊದಲೇ. ಉಳಿದ ಮೂರು ಗಂಟೆ ಅದು ಅದೇ ಭಯ ಹೊತ್ತು ಕೂತಿರುತ್ತದೆ. ಯುಎ ಎಂಬ ಎರಡಕ್ಷರದಲ್ಲಿ ಇದು ಎಲ್ಲೂ ಕಾಣುವುದಿಲ್ಲ. ಹಾಗೆಂದು ಇದು ಕೆಟ್ಟ ಚಿತ್ರ ಎಂದು ನಾನು ಹೇಳುತ್ತಿಲ್ಲ. ಆ ದೃಶ್ಯ ಆ ಕಥೆಗೆ ಬೇಕೇ ಬೇಕು. ಹದಿನಾಲ್ಕರ ಹುಡುಗಿಗೆ ಅದೇ ದೃಶ್ಯ ಕೋಪ ತರಿಸುತ್ತದೆ, ಆ ಕೋಪ ಚರಿತ್ರೆಯ ಪಾಠಕ್ಕಿಂತ ಆಳಕ್ಕೆ ಹೋಗಬಹುದು.

ವಯಸ್ಸಿಗೆ ತಕ್ಕಂತೆ ಭಯವೇ ಬೇರೆಯಾಗುತ್ತದೆ ಎಂಬುದನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೊವಾನ್ ಕ್ಯಾಂಟರ್ ಮತ್ತು ಸಂಗಡಿಗರು 1980ರ ದಶಕದಲ್ಲೇ ಅಧ್ಯಯನ ಮಾಡಿದರು. ‘ದಿ ಇನ್‌ಕ್ರೆಡಿಬಲ್ ಹಲ್ಕ್’ ಎಂಬ ಟಿವಿ ಧಾರಾವಾಹಿಯ ಒಂದು ಭಾಗವನ್ನು ಅವರು ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ತೋರಿಸಿದರು. ಅದರಲ್ಲಿ ಸಾಧು ಮನುಷ್ಯನೊಬ್ಬ ಸಿಟ್ಟು ಬಂದಾಗ ಹಸಿರು ದೈತ್ಯನಾಗಿ ಬದಲಾಗಿ ಜನರನ್ನು ಕಾಪಾಡುತ್ತಾನೆ. ದೊಡ್ಡ ಮಕ್ಕಳಿಗೆ ಭಯವಾದದ್ದು ಅದಕ್ಕೂ ಮೊದಲು, ನಾಯಕ ಅಪಾಯದಲ್ಲಿದ್ದಾಗ. ದೈತ್ಯ ಬಂದ ಮೇಲೆ ಅವರಿಗೆ ಸಮಾಧಾನ, ಇನ್ನು ಕಾಪಾಡುತ್ತಾನೆ ಎಂದು. ಶಾಲೆಗೆ ಸೇರದ ಪುಟ್ಟ ಮಕ್ಕಳಿಗೆ ನೇರ ಉಲ್ಟಾ. ಪರಿಚಯದ ಮುಖ ಬದಲಾದ ಆ ಕ್ಷಣವೇ ಅವರನ್ನು ಹೆದರಿಸಿತು. ಅವನು ಒಳ್ಳೆಯವನೋ ಕೆಟ್ಟವನೋ ಎಂಬುದು ಅವರ ತಲೆಗೆ ಹೋಗಲೇ ಇಲ್ಲ. ಇನ್ನೊಂದು ಸಲ, 1983ರಲ್ಲಿ ಅಲ್ಲಿನ ಟಿವಿಯಲ್ಲಿ ಅಣುಯುದ್ಧದ ಬಗ್ಗೆ ‘ದಿ ಡೇ ಆಫ್ಟರ್’ ಎಂಬ ಚಿತ್ರ ಬಂದಾಗ ಪಾಲಕರನ್ನು ಕೇಳಿ ನೋಡಿದರೆ ಅತಿ ಚಿಕ್ಕ ಮಕ್ಕಳು ಅಷ್ಟಾಗಿ ಕಲಕಿರಲಿಲ್ಲ, ಹದಿವಯಸ್ಸಿನವರು ಕಲಕಿದ್ದರು. ಇದು ನಿಜವಾಗಿ ನಡೆಯಬಹುದು ಎಂಬುದು ಗೊತ್ತಿದ್ದವರಿಗೆ ಮಾತ್ರ ಆ ಚಿತ್ರ ಹೆದರಿಕೆ ಹುಟ್ಟಿಸಿತು.

ಇದನ್ನು ‘ಕಾಂತಾರ’ಕ್ಕೆ ಇಟ್ಟು ನೋಡಿ. ಕೊನೆಯಲ್ಲಿ ನಾಯಕ ಶಿವನ ಮೈಮೇಲೆ ಗುಳಿಗ ದೈವ ಬರುತ್ತದೆ. ಆ ಕೂಗು, ಆ ಕಣ್ಣು. ದೊಡ್ಡವರಿಗೆ ಅದು ನ್ಯಾಯ ಸಿಕ್ಕ ಗಳಿಗೆ, ಮೈ ಜುಮ್ಮೆನ್ನಿಸುವ ಭಕ್ತಿಯ ಗಳಿಗೆ. ಎರಡು ಗಂಟೆಯಿಂದ ನಗಿಸುತ್ತಿದ್ದ ಮನುಷ್ಯನ ಮುಖ ಏಕಾಏಕಿ ಬೇರೆಯಾದದ್ದನ್ನು ನೋಡುವ ನಾಲ್ಕು ವರ್ಷದ ಮಗುವಿಗೆ ಅದು ಬೇರೆಯೇ ಅನುಭವ ಆಗಬಹುದು. ಆದರೆ ಇಲ್ಲೊಂದು ತಿರುವಿದೆ. ಉಡುಪಿ, ಕುಂದಾಪುರದ ಕಡೆಯ ಮಗು ರಾತ್ರಿಯಿಡೀ ಅಜ್ಜಿಯ ತೊಡೆಯ ಮೇಲೆ ಕೂತು ಕೋಲ ನೋಡಿರುತ್ತದೆ. ಬಣ್ಣ ಹಚ್ಚಿಕೊಳ್ಳುವುದನ್ನೂ ನೋಡಿರುತ್ತದೆ, ದೈವ ಬಂದಾಗ ಮನೆಯವರು ಕೈಮುಗಿಯುವುದನ್ನೂ ನೋಡಿರುತ್ತದೆ. ಅದಕ್ಕೆ ಆ ಕೂಗು ಪರಿಚಿತ. ಕೋಲ ಎಂದರೇನೆಂದೇ ಅರಿಯದ ಕಲಬುರಗಿಯ ಮಗುವಿಗೆ, ನ್ಯೂಜೆರ್ಸಿಯಲ್ಲಿ ಬೆಳೆಯುತ್ತಿರುವ ಕನ್ನಡದ ಮಗುವಿಗೆ ಆ ರಕ್ಷೆ ಇಲ್ಲ. 2025ರಲ್ಲಿ ಬಂದ ‘ಕಾಂತಾರ: ಅಧ್ಯಾಯ 1’ಕ್ಕೆ ಯುಎ 16+ ಸಿಕ್ಕಿತು. ಆದರೆ ಕೋರಮಂಗಲದ ಸಮಿತಿಯಾಗಲಿ ಮುಂಬೈಯ ಸಮಿತಿಯಾಗಲಿ ನಿಮ್ಮ ಮಗು ಈ ಇಬ್ಬರಲ್ಲಿ ಯಾರು ಎಂದು ತಿಳಿಯುವುದು ಸಾಧ್ಯವಿಲ್ಲ. ಅದು ಗೊತ್ತಿರುವುದು ನಿಮಗೆ.

ಇನ್ನು ನನಗೆ ಭಯಕ್ಕಿಂತಲೂ ಹೆಚ್ಚು ಕಾಡುವ ಸಂಗತಿ. ಹೆದರಿದ ಮಗು ಅಳುತ್ತದೆ, ನಮಗೆ ಗೊತ್ತಾಗುತ್ತದೆ, ಎತ್ತಿಕೊಂಡು ಹೊರಗೆ ಬರುತ್ತೇವೆ. ಚಿತ್ರ ಯಾವುದನ್ನು ಮೆಚ್ಚುತ್ತದೆ ಎಂಬುದು ಹಾಗೆ ಗೊತ್ತಾಗುವುದಿಲ್ಲ. ನಮ್ಮ ಪ್ರೇಮಕಥೆಗಳನ್ನೇ ನೋಡಿ. ಕಾಲೇಜಿನ ಹುಡುಗಿ ಬೇಡ ಎಂದಿದ್ದಾಳೆ. ನಾಯಕ ಬಸ್‌ಸ್ಟಾಪಿಗೆ ಬರುತ್ತಾನೆ, ಮನೆಯ ಬೀದಿಗೆ ಬರುತ್ತಾನೆ, ಗೆಳೆಯರನ್ನು ಕಟ್ಟಿಕೊಂಡು ದಾರಿಗೆ ಅಡ್ಡ ನಿಲ್ಲುತ್ತಾನೆ. ಹಿನ್ನೆಲೆಯಲ್ಲಿ ಇಂಪಾದ ಹಾಡು. ಇಂಟರ್‌ವಲ್ ಹೊತ್ತಿಗೆ ಹುಡುಗಿ ನಗುತ್ತಾಳೆ. ಇದರಲ್ಲಿ ರಕ್ತ ಇಲ್ಲ, ಬೈಗುಳ ಇಲ್ಲ, ಚುಂಬನ ಇಲ್ಲ. 1991ರ ಮಾರ್ಗಸೂಚಿಯಲ್ಲಿ ಹೆಣ್ಣನ್ನು ಹೀನವಾಗಿ ತೋರಿಸಬಾರದು ಎಂಬ ಮಾತು ಇದ್ದೇ ಇದೆ. ಆದರೂ ಇಂಥ ಕಥೆ ದಶಕಗಳಿಂದ ಯು ಮತ್ತು ಯುಎ ಗುರುತಿನಲ್ಲೇ ನಮ್ಮ ಮನೆಗೆ ಬರುತ್ತಿದೆ, ಮಧ್ಯಾಹ್ನದ ಊಟದ ಹೊತ್ತಿಗೆ ಟಿವಿಯಲ್ಲೂ ಬರುತ್ತಿದೆ. ಹನ್ನೆರಡು ವರ್ಷದ ಹುಡುಗ ಇದರಿಂದ ಹೆದರುವುದಿಲ್ಲ. ಬೇಡ ಎಂಬ ಮಾತಿಗೆ ಇನ್ನೂ ಸ್ವಲ್ಪ ಹಿಂದೆ ಬಿದ್ದರೆ ಸರಿಹೋಗುತ್ತದೆ ಎಂದು ಕಲಿಯುತ್ತಾನೆ. ಹಿಂಸೆಗೂ ಇದೇ ಮಾತು ಅನ್ವಯಿಸುತ್ತದೆ. ಹೊಡೆಸಿಕೊಂಡವನಿಗೆ ನೋವಾಗುತ್ತದೆಯೇ, ಅವನಿಗೂ ಮನೆಯವರು ಇದ್ದಾರೆಯೇ, ಇಲ್ಲ ನಲವತ್ತು ಜನ ಗಾಳಿಯಲ್ಲಿ ಹಾರಿ ಬಿದ್ದು ಮರೆತೇಹೋಗುತ್ತಾರೆಯೇ? ಮೊದಲನೆಯದು ನೋಡಲು ಕಷ್ಟ, ಅದಕ್ಕೆ ದೊಡ್ಡ ಅಂಕಿ ಸಿಗುವ ಸಂಭವ ಹೆಚ್ಚು. ಎರಡನೆಯದು ಹಗುರ, ಚಿಕ್ಕ ಅಂಕಿ ಸಾಕಾಗಬಹುದು. ಮಗುವಿನ ಮನಸ್ಸಿನಲ್ಲಿ ಉಳಿಯುವ ಪಾಠದ ಪ್ರಕಾರ ನೋಡಿದರೆ ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಚಿಂತೆಯದು.

ಪಾಲಕರು ಇದೆಲ್ಲ ಮೊದಲೇ ತಿಳಿಯುವುದು ಹೇಗೆ? ಬಹಳ ಜನ ಟ್ರೈಲರ್ ನೋಡುತ್ತಾರೆ. ಚಿತ್ರಮಂದಿರದಲ್ಲಿ ತೋರಿಸುವ ಟ್ರೈಲರಿಗೆ ಪ್ರಮಾಣಪತ್ರ ಬೇಕು. ಯೂಟ್ಯೂಬಿನಲ್ಲಿ ಬಿಡುವುದಕ್ಕೆ ಬೇಡ. ಎರಡೂ ಕಡೆ ಅದರ ಕೆಲಸ ಚಿತ್ರವನ್ನು ಮಾರುವುದು, ಆದ್ದರಿಂದ ಅದನ್ನು ನಂಬಿ ತೀರ್ಮಾನಿಸುವುದು ಸರಿಯಲ್ಲ. ಇದಕ್ಕಿಂತ ಒಳ್ಳೆಯ ದಾರಿ ಮೊದಲ ದಿನದ ಆಸೆ ಬಿಡುವುದು. ಒಂದು ವಾರ ತಡೆದು, ನೋಡಿ ಬಂದವರನ್ನು ಕೇಳಿ. ಕೇಳುವಾಗ ‘ಪಿಕ್ಚರ್ ಹೇಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ’ ಎಂದರೆ ‘ಸೂಪರ್ ಆಗಿದೆ, ಹೋಗಿ’ ಎಂಬ ಉತ್ತರವೇ ಬರುತ್ತದೆ. ಬದಲಿಗೆ ಕೇಳಿ: ಯಾವ ದೃಶ್ಯದಲ್ಲಿ ಪಕ್ಕದ ಸೀಟಿನ ಮಕ್ಕಳು ಮುಖ ಮುಚ್ಚಿಕೊಂಡರು? ಕಷ್ಟಕ್ಕೆ ಸಿಗುವುದು ಮಗುವೋ, ತಾಯಿಯೋ, ನಾಯಿಯೋ? ಅದು ಬರುವುದು ಶುರುವಿನಲ್ಲೋ ಕೊನೆಯಲ್ಲೋ? ಶುರುವಿನಲ್ಲಿ ಬಂದು ಆಮೇಲೆ ಸರಿಹೋದರೆ ಮಗುವಿಗೆ ಮರೆಯಲು ಹೊತ್ತಿದೆ. ಕೊನೆಯಲ್ಲಿ ಬಂದರೆ ಅದೇ ಚಿತ್ರ ಹೊತ್ತು ಮನೆಗೆ ಬಂದು ಮಲಗುತ್ತದೆ. ಇಷ್ಟು ಕೇಳಿದರೆ ಚಿತ್ರ ನೋಡಿದ ಯಾವ ಅಕ್ಕನಾದರೂ ಅತ್ತಿಗೆಯಾದರೂ ಎರಡು ನಿಮಿಷದಲ್ಲಿ ಸಮಿತಿಯ ಗುರುತಿಗಿಂತ ಹೆಚ್ಚು ಹೇಳಬಲ್ಲರು.

ಇನ್ನೊಂದು ಆಧಾರವೂ ಇದೆ, ಹಣ ಕೊಡಬೇಕಿಲ್ಲ. ಬ್ರಿಟನ್ನಿನಲ್ಲಿ ಬಿಡುಗಡೆಯಾಗುವ ಭಾರತೀಯ ಚಿತ್ರಗಳಿಗೆ ಅಲ್ಲಿನ ಮಂಡಳಿಯೂ ದರ್ಜೆ ಕೊಡುತ್ತದೆ, ಯಾಕೆ ಕೊಟ್ಟೆವು ಎಂದು ತನ್ನ ಜಾಲತಾಣದಲ್ಲಿ ಕೆಲವು ವಾಕ್ಯಗಳಲ್ಲಿ ಬರೆಯುತ್ತದೆ: ಹಿಂಸೆ ಎಂಥದು, ಗಾಯ ಎಷ್ಟು ಕಾಣುತ್ತದೆ, ಭಾಷೆ ಹೇಗಿದೆ. ದೊಡ್ಡ ಕನ್ನಡ, ತೆಲುಗು, ತಮಿಳು ಚಿತ್ರಗಳು ಈಗ ಅಲ್ಲೂ ತೆರೆ ಕಾಣುತ್ತಿರುವುದರಿಂದ ಇಲ್ಲಿನ ಪಾಲಕರಿಗೂ ಅದು ಸಿಗುತ್ತದೆ. ಅಲ್ಲಿಯ ಅಂಕಿಯನ್ನು ನೀವು ಒಪ್ಪಬೇಕಿಲ್ಲ, ಅವರ ಲೋಕರೂಢಿ ಬೇರೆ. ಆ ವಾಕ್ಯಗಳನ್ನು ಓದಿ ಸಾಕು. ಅಲ್ಲಿ ಬಿಡುಗಡೆಯಾದ ಪ್ರತಿ ಮತ್ತು ಇಲ್ಲಿಯದು ಒಂದೇ ಇರಬೇಕೆಂದೇನೂ ಇಲ್ಲ ಎಂಬುದು ಮಾತ್ರ ನೆನಪಿರಲಿ.

ಮನೆಯಲ್ಲಿ ಒಟಿಟಿಯಲ್ಲಿ ನೋಡುವವರಿಗೆ ಒಂದು ಎಚ್ಚರಿಕೆ. ಅಲ್ಲಿಯೂ ಯುಎ 13+, ಯುಎ 16+ ಎಂಬಂಥ ಗುರುತೇ ಕಾಣುತ್ತದೆ, ಆದರೆ ಹಾಕುವವರು ಬೇರೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ತನ್ನಲ್ಲಿರುವುದಕ್ಕೆ ಆ ವೇದಿಕೆಯೇ ದರ್ಜೆ ಕೊಟ್ಟುಕೊಳ್ಳುತ್ತದೆ. ಚಿತ್ರಮಂದಿರದಲ್ಲಿ ಕತ್ತರಿ ಬಿದ್ದ ದೃಶ್ಯ ಅಲ್ಲಿ ಪೂರ್ತಿ ಇರಬಹುದು. ‘ಥಿಯೇಟರಿನಲ್ಲಿ ನೋಡಿದ್ದೇವೆ, ಪರವಾಗಿಲ್ಲ’ ಎಂದು ಮಗುವಿನ ಕೈಗೆ ರಿಮೋಟ್ ಕೊಡುವ ಮುಂಚೆ ಇದು ಗೊತ್ತಿರಬೇಕು. ಒಳ್ಳೆಯ ಅಂಶವೂ ಇದೆ. ಯುಎ 13+ ಮತ್ತು ಅದಕ್ಕೆ ಮೇಲಿನದಕ್ಕೆ ಪಾಲಕರು ಬೀಗ ಹಾಕುವ ಸೌಲಭ್ಯ ಅಲ್ಲಿ ಕಡ್ಡಾಯ. ಜೊತೆಗೆ ಕಾರಣವನ್ನೂ ತೋರಿಸಬೇಕು: ಹಿಂಸೆ, ಭಾಷೆ, ಮಾದಕವಸ್ತು, ಭಯಾನಕತೆ, ಯಾವುದಿದ್ದರೆ ಅದು.

ನನ್ನ ಬೇಡಿಕೆ ಇರುವುದು ಇಲ್ಲೇ. ಫೋನಿನಲ್ಲಿ ನೋಡುವ ಚಿತ್ರಕ್ಕೆ ಕಾರಣ ಹೇಳಬೇಕೆಂದು ನಿಯಮ ಮಾಡಿದ ದೇಶದಲ್ಲಿ, ನಾಲ್ಕು ಜನರ ಕುಟುಂಬ ದುಡ್ಡು ಕೊಟ್ಟು, ನಿಲ್ಲಿಸಲಾಗದ, ಶಬ್ದ ಕಡಿಮೆ ಮಾಡಲಾಗದ ಕತ್ತಲಕೋಣೆಯಲ್ಲಿ ನೋಡುವ ಚಿತ್ರದ ಪೋಸ್ಟರಿನಲ್ಲಿ ಬರಿ ಅಂಕಿ ಸಿಗುತ್ತದೆ. ಯುಎ 16+ ಯಾಕೆ? ರಕ್ತಕ್ಕೋ, ಅತ್ಯಾಚಾರದ ದೃಶ್ಯಕ್ಕೋ, ಆತ್ಮಹತ್ಯೆಗೋ, ದೆವ್ವಕ್ಕೋ? ಹದಿನೈದರ ಹುಡುಗನ ಪಾಲಕರಿಗೆ ಇವುಗಳಲ್ಲಿ ಒಂದು ಸರಿ, ಇನ್ನೊಂದು ಬೇಡ. ಮನೆಯಲ್ಲಿ ಇತ್ತೀಚೆಗೆ ಸಾವು ಕಂಡ ಮಗುವಿಗೆ ಆಸ್ಪತ್ರೆಯ ಒಂದು ದೃಶ್ಯವೇ ಹೆಚ್ಚಾಗಬಹುದು. 2023ರ ತಿದ್ದುಪಡಿ ಪ್ರಶ್ನೆಯನ್ನು ಒಂದರಿಂದ ಮೂರು ಮಾಡಿ ಪಾಲಕರ ಮುಂದಿಟ್ಟಿತು, ಉತ್ತರಿಸಲು ಬೇಕಾದ ಮಾಹಿತಿಯನ್ನು ಕೊಡಲಿಲ್ಲ.

ಅದನ್ನು ಕೊಡುವುದಕ್ಕೆ ಹೊಸ ಸಮಿತಿ ಬೇಕಿಲ್ಲ, ಹೊಸ ಖರ್ಚೂ ಇಲ್ಲ. ಚಿತ್ರ ನೋಡಿದ ಐದೂ ಜನ ತಮ್ಮ ಕಾರಣಗಳನ್ನು ಅಂದೇ ಬರೆದಿಟ್ಟಿರುತ್ತಾರೆ. ಆ ಕಡತದಿಂದ ಒಂದು ಸಾಲು ತೆಗೆದು ಪ್ರಮಾಣಪತ್ರದಲ್ಲಿ ದರ್ಜೆಯ ಕೆಳಗೆ, ಪೋಸ್ಟರಿನಲ್ಲಿ, ಟಿಕೆಟ್ ಕೊಳ್ಳುವ ಪುಟದಲ್ಲಿ, ಚಿತ್ರ ಯಾವ ಭಾಷೆಯದೋ ಆ ಭಾಷೆಯಲ್ಲಿ ಅಚ್ಚು ಹಾಕಬೇಕು. ಕನ್ನಡ ಚಿತ್ರಕ್ಕೆ ಕನ್ನಡದಲ್ಲಿ. ಪಾಲಕರ ಸಂಘಗಳು, ಶಾಲೆಗಳು, ಚಲನಚಿತ್ರ ವಾಣಿಜ್ಯ ಮಂಡಳಿ ಇದನ್ನು ಕೇಳಿ ಕೋರಮಂಗಲದ ಕಚೇರಿಗೂ ದೆಹಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೂ ಬರೆಯಬಹುದು. ಅದು ಆಗುವವರೆಗೆ ನಾವು ಆ ಸಾಲನ್ನು ಪತ್ರಿಕೆಯ ಕತ್ತರಿ ಸುದ್ದಿಯಲ್ಲಿ, ಹೊರದೇಶದ ಮಂಡಳಿಯ ಪುಟದಲ್ಲಿ, ಪಕ್ಕದ ಮನೆಯ ಅಕ್ಕನ ಮಾತಿನಲ್ಲಿ ಹುಡುಕಿಕೊಳ್ಳಬೇಕಾಗಿದೆ.